ಸಣ್ಣ ಕಥೆ: ಹೊಸೂರಿನ ಡೆಲಿವರಿ ಹುಡುಗ ಲೇತ್ ಕಲಿತದ್ದು (ಮೆಷಿನ್ ಗೊತ್ತಿರುವವರು ಓದಿ ಹೇಳಿ)

ಗಡಿಯೂರವ

ಹೊಸೂರಿನ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದೆಲ್ಲ ಗುಲಾಬಿ ತೋಟ, ಚಂದ್ರಚೂಡೇಶ್ವರನ ಬೆಟ್ಟ, ಜೂಜುವಾಡಿ ಚೆಕ್‌ಪೋಸ್ಟು, ಇಷ್ಟೇ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಳಗಿನ ಸಣ್ಣ ಶೆಡ್ಡುಗಳ ಕಥೆ ಒಂದೂ ಕಣ್ಣಿಗೆ ಬಿದ್ದಿಲ್ಲ. ಅಲ್ಲಿ ಮಾಲೀಕ ತೆಲುಗು, ಮೆಷಿನ್ ಸಜ್ಜು ಮಾಡಿಕೊಡುವ ಸೆಟ್ಟರ್ ತಮಿಳು, ಹೆಲ್ಪರ್ ಕನ್ನಡ. ಮೂರೂ ಭಾಷೆಯಲ್ಲಿ ಬೈಗುಳ ಮಾತ್ರ ಎಲ್ಲರಿಗೂ ಬರುತ್ತದೆ. ಅದಕ್ಕೇ ಇದನ್ನು ಬರೆದೆ. ಎರಡು ಭಾಗ ಇದೆ, ಮೊದಲನೆಯದು ಇಲ್ಲಿದೆ.

ಭಾಗ ಒಂದು

ಸಿಪ್‌ಕಾಟ್‌ನಿಂದ ಆರ್ಡರ್ ಬಂದರೆ ಮುನಿರಾಜುಗೆ ಬೇಜಾರು. ಮ್ಯಾಪು ದೊಡ್ಡ ಗೇಟಿನ ಹತ್ತಿರ ನಿಂತುಬಿಡುತ್ತದೆ. ಸೆಕ್ಯೂರಿಟಿಯವರು ಒಳಗೆ ಬಿಡುವುದಿಲ್ಲ. ಆರ್ಡರ್ ಹಾಕಿದವನಿಗೆ ಮೆಷಿನ್ ಸದ್ದಿನಲ್ಲಿ ಫೋನ್ ಕೇಳಿಸುವುದಿಲ್ಲ. ರಾತ್ರಿ ಏಳರಿಂದ ಹತ್ತು ಗಂಟೆಯೊಳಗೆ ಹೀಗೆ ಒಂದು ಕಡೆ ಸಿಕ್ಕಿಕೊಂಡರೆ ಆ ದಿನದ ಇನ್ಸೆಂಟಿವ್ ಹೋದ ಹಾಗೆ.

ಆದರೆ ಹಿಂದಿನ ರಸ್ತೆಯ ಆ ಶೆಡ್ಡಿಗೆ ಗೇಟೂ ಇರಲಿಲ್ಲ, ಸೆಕ್ಯೂರಿಟಿಯೂ ಇರಲಿಲ್ಲ. ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಒಳಗೆ ಹೋದರೆ ಮೂರು ಸಿಎನ್‌ಸಿ ಲೇತ್, ಕೂಲೆಂಟ್ ವಾಸನೆ, ಮತ್ತು ಸೆಲ್ವಂ.

"ತಂಬಿ, ಅಲ್ಲೇ ಇಡು. ಪೀಸ್ ಮುಗೀಲಿ, ದುಡ್ಡು ಕೊಡ್ತೀನಿ" ಎಂದ ಸೆಲ್ವಂ ತಿರುಗಿ ನೋಡಲಿಲ್ಲ.

ಮುನಿರಾಜು ಬಿರಿಯಾನಿ ಕವರ್ ಹಿಡಿದುಕೊಂಡು ಗಾಜಿನ ಕಿಟಕಿಯಲ್ಲಿ ನೋಡುತ್ತ ನಿಂತ. ನಲವತ್ತು ಎಂಎಂ ದಪ್ಪದ ಉಕ್ಕಿನ ರಾಡು ತಿರುಗುತ್ತಿತ್ತು. ಟೂಲು ಹೊರ ಅಂಚಿನಿಂದ ನಡುವಿನ ಕಡೆಗೆ ಸರಿಯುತ್ತ ಅದರ ಮುಖವನ್ನು ಸವರುತ್ತಿತ್ತು. ಟೂಲು ಒಳಗೆ ಹೋದ ಹಾಗೆ ಮೆಷಿನ್ ಸದ್ದು ಏರುತ್ತ ಹೋಯಿತು. ಯಾರೋ ಆಕ್ಸಿಲರೇಟರ್ ತಿರುವಿದ ಹಾಗೆ. ಸ್ವಲ್ಪ ಹೊತ್ತಿಗೆ ಏರುವುದು ನಿಂತು ಒಂದೇ ಸಮ ಆಯಿತು.

"ಅಣ್ಣ, ಟೂಲು ಹೋಗ್ತಾ ಇರೋದು ನಿಧಾನಕ್ಕೆ. ಸೌಂಡ್ ಯಾಕೆ ಜಾಸ್ತಿ ಆಯ್ತು? ಆಮೇಲೆ ಯಾಕೆ ನಿಂತುಬಿಡ್ತು?"

ಸೆಲ್ವಂ ಆಗ ತಿರುಗಿದ. ಅವನ ಕೈಕೆಳಗೆ ಇಬ್ಬರು ಆಪರೇಟರ್‌ಗಳಿದ್ದರು. ಪೀಸ್ ಹಾಕು, ಗುಂಡಿ ಒತ್ತು, ಪೀಸ್ ತೆಗಿ. ಅವರಿಬ್ಬರೂ ಯಾವತ್ತೂ ಇದನ್ನು ಕೇಳಿರಲಿಲ್ಲ.

"ಎಷ್ಟು ಓದಿದೀಯಾ?"

"ಪಿಯುಸಿ ಸೈನ್ಸು. ಸೆಕೆಂಡ್ ಇಯರ್ ಅರ್ಧಕ್ಕೆ ಬಿಟ್ಟೆ."

"ವೃತ್ತದ ಸುತ್ತಳತೆ ಗೊತ್ತಲ್ಲ? ಅಷ್ಟು ಸಾಕು." ಸೆಲ್ವಂ ಟೂಲ್ ಟ್ರಾಲಿಯ ಡ್ರಾಯರಿನಿಂದ ಎಣ್ಣೆ ಕಲೆಯಾದ ಒಂದು ಪ್ರೋಗ್ರಾಂ ಹಾಳೆ ತೆಗೆದುಕೊಟ್ಟ. "ಇದರಲ್ಲಿ 180 ಅಂತ ಇದೆ ನೋಡು. ಒಂದು ನಿಮಿಷಕ್ಕೆ 180 ಮೀಟರ್ ಉಕ್ಕು ಟೂಲಿನ ತುದಿಯನ್ನ ಸವರಿಕೊಂಡು ಹೋಗಬೇಕು ಅಂತ ಅರ್ಥ. ಅದಕ್ಕೆ ಎಷ್ಟು ಸುತ್ತು ಬೇಕು ಅಂತ ಲೆಕ್ಕ ಹಾಕ್ಕೊಂಡು ಬಾ."

ರಾತ್ರಿ ಹನ್ನೊಂದೂವರೆಗೆ ಬಾಗಲೂರು ರಸ್ತೆಯ ಮನೆಗೆ ಬಂದ. ಅವ್ವ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗುಲಾಬಿ ಬಿಡಿಸಲು ಹೋಗುವವಳು, ಆಗಲೇ ಮಲಗಿದ್ದಳು. ತಂಗಿಯ ಗ್ರಾಫ್ ಪುಸ್ತಕದ ಕೊನೆಯ ಹಾಳೆ ಹರಿದು ಅಡುಗೆ ಮನೆಯಲ್ಲಿ ಕುಳಿತ. 40 ಎಂಎಂ ರಾಡಿನ ಸುತ್ತಳತೆ 125.7 ಎಂಎಂ. 180 ಮೀಟರ್ ಅಂದರೆ 1,80,000 ಎಂಎಂ. ಭಾಗಿಸಿದರೆ ನಿಮಿಷಕ್ಕೆ ಸುಮಾರು 1,430 ಸುತ್ತು. ಟೂಲು 20 ಎಂಎಂ ವ್ಯಾಸಕ್ಕೆ ಬಂದಾಗ 2,860. ಹತ್ತಕ್ಕೆ ಬಂದಾಗ 5,730. ಸದ್ದು ಏರಿದ್ದು ಯಾಕೆ ಅಂತ ಆಗ ಗೊತ್ತಾಯಿತು. ನಡುವಿನ ಬಿಂದುವಿಗೆ ಬಂದಾಗ ಎಷ್ಟು ಅಂತ ಸೊನ್ನೆಯಿಂದ ಭಾಗಿಸಿದ. ಫೋನಿನ ಕ್ಯಾಲ್ಕುಲೇಟರ್ ಎರರ್ ತೋರಿಸಿತು.

ಅವತ್ತಿನಿಂದ ರಾತ್ರಿ ಊಟ ಆದಮೇಲೆ ಒಂದು ಗಂಟೆ ಅದೇ ಕೆಲಸ. ಫೋನಿನಲ್ಲಿ ಒಂದು ಸಿಮ್ಯುಲೇಟರ್ ಹಾಕಿಕೊಂಡ. ಉದ್ದಕ್ಕೆ ಹೋಗುವುದು Z, ಅಡ್ಡಕ್ಕೆ X, ಆದರೆ X ಅಂತ ಬರೆಯುವುದು ವ್ಯಾಸ. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯುವಾಗ ಇದು ತುಂಬಾ ದಿನ ತಲೆಗೆ ಹತ್ತಲಿಲ್ಲ. X30 ಅಂದರೆ ನಡುಗೆರೆಯಿಂದ 15 ಮಾತ್ರ. ಒಂದು ತಿಂಗಳಾದ ಮೇಲೆ ಅದೇ ಶೆಡ್ಡಿನ ಆರ್ಡರ್ ಬಂದಾಗ ತಾನು ಬರೆದದ್ದನ್ನು ಸೆಲ್ವಂ ಮುಂದೆ ಹಿಡಿದ.

```
T0101
G96 S180 M03
G00 X44 Z0 M08
G01 X-1.6 F0.15
```

"ಕೊನೇಲಿ ಮೈನಸ್ 1.6 ಯಾಕೆ ಹಾಕಿದೆ?"

"ಟೂಲಿನ ಮೂತಿ ಗುಂಡಗಿರುತ್ತಲ್ಲ ಅಣ್ಣ, ರೇಡಿಯಸ್ 0.8. ಸೊನ್ನೆಗೆ ನಿಲ್ಲಿಸಿದ್ರೆ ನಡುವೆ ಸಣ್ಣ ಮೊಳೆ ಥರ ಉಳಿಯುತ್ತೆ. ಡಯಾ ಲೆಕ್ಕದಲ್ಲಿ ಎರಡರಷ್ಟು ದಾಟಿಸಿದೆ."

ಸೆಲ್ವಂ ಬಿರಿಯಾನಿ ಪೊಟ್ಟಣ ಪಕ್ಕಕ್ಕಿಟ್ಟು ಪೆನ್ನು ಕೇಳಿದ. ಎರಡನೇ ಸಾಲಿನ ಮೇಲೆ ಒಂದು ಸಾಲು ಬರೆದ: `G50 S2000`.

"ನಿನ್ನ ಕ್ಯಾಲ್ಕುಲೇಟರ್ ಎರರ್ ಅಂತು ಅಲ್ವಾ? ಮೆಷಿನ್ ಎರರ್ ಅನ್ನಲ್ಲ ತಂಬಿ. ಅದು ತನ್ನ ಕೈಲಾದಷ್ಟು ಓಡಿಬಿಡುತ್ತೆ."

(ಎರಡನೇ ಭಾಗ ಸಂಜೆ ಹಾಕುತ್ತೇನೆ.)

---

ಟರ್ನರ್‌ನಂಜಪ್ಪ

ಕಥೆ ಹೇಗಿದೆ ಅಂತ ಹೇಳಲು ನನಗೆ ಬರುವುದಿಲ್ಲ. ಮೆಷಿನ್ ಸರಿ ಇದೆ. ಪೀಣ್ಯದಲ್ಲಿ ಒಂದಿಷ್ಟು ವರ್ಷ, ಆಮೇಲೆ ಹೊಸೂರಿನಲ್ಲಿ, ಲೇತ್ ಮುಂದೆಯೇ ತಲೆ ನರೆಯಿತು.

ಸದ್ದು ಏರಿ ನಿಂತದ್ದನ್ನು ಬರೆದಿದ್ದೀರಲ್ಲ, ಅದಕ್ಕೆ ಭೇಷ್. ಆ ನಿಂತ ಜಾಗವೇ G50, ಸುತ್ತಿಗೆ ಹಾಕಿದ ಮಿತಿ. 2,000ಕ್ಕೆ ಕಟ್ಟಿಹಾಕಿದರೆ 28.6 ಎಂಎಂ ವ್ಯಾಸದ ಹತ್ತಿರ ಅದು ನಿಲ್ಲುತ್ತದೆ. ಅಲ್ಲಿಂದ ಒಳಗೆ ಸುತ್ತು ಏರುವುದಿಲ್ಲ, ಹಾಗಾಗಿ ಕತ್ತರಿಸುವ ವೇಗ ಇಳಿಯುತ್ತ ನಡುವಿನಲ್ಲಿ ಸೊನ್ನೆ ಆಗುತ್ತದೆ. ಪೀಸನ್ನು ಬೆಳಕಿಗೆ ಹಿಡಿದು ನೋಡಿದರೆ ಹೊರಗಿನ ಉಂಗುರ ಹೊಳೆಯುತ್ತದೆ, ನಡುವೆ ಸ್ವಲ್ಪ ಮಂಕು. ಹೊಸಬರು ಅದನ್ನು ನೋಡಿ ಟೂಲಿನ ತುದಿಯ ಇನ್ಸರ್ಟ್ ಹೋಯಿತು ಅಂತ ಬದಲಿಸುತ್ತಾರೆ. ಇನ್ಸರ್ಟಿಗೆ ಏನೂ ಆಗಿರುವುದಿಲ್ಲ.

G50 ಬಿಟ್ಟರೆ ಏನಾಗುತ್ತದೆ ಅಂತ ನಿಮ್ಮ ಸೆಲ್ವಂ ಪೂರ್ತಿ ಹೇಳಲಿಲ್ಲ. ಪೀಸು ಹಿಡಿಯುವ ಚಕ್ ಜೋರಾಗಿ ತಿರುಗಿದಷ್ಟೂ ಅದರ ದವಡೆಗಳು, ಅಂದರೆ ಜಾ, ಹೊರಗೆ ಎಸೆಯಲ್ಪಡಲು ನೋಡುತ್ತವೆ, ಹಿಡಿತ ಸಡಿಲ ಆಗುತ್ತದೆ. ಪೀಸು ಉದ್ದವಾಗಿದ್ದರೆ, ಇಲ್ಲವೇ ತೆಳು ಪೈಪ್ ಅಂತ ಚಕ್ ಪ್ರೆಶರ್ ಕಡಿಮೆ ಮಾಡಿದ್ದರೆ, ಪೀಸು ಆಚೆ ಬರುತ್ತದೆ. ಇನ್ನೊಂದು, ರಾಡು ಸ್ಪಿಂಡಲ್ ಹಿಂದೆ ಆಚೆ ಚಾಚಿಕೊಂಡಿದ್ದರೆ ಆ ಬಾಲ ಬಾಗಿ ಚಾಟಿ ಹೊಡೆದ ಹಾಗೆ ಬೀಸುತ್ತದೆ. ಹಿಂದೆ ಯಾರೂ ನಿಂತಿರಬಾರದು. ನಾನು ನೋಡಿದ್ದೇನೆ. ಗೋಡೆಗೆ ಬಿತ್ತು, ಮನುಷ್ಯರಿಗಲ್ಲ.

ಒಂದು ಮಾತು. ಕೆಲವು ಕಂಟ್ರೋಲರ್‌ಗಳಲ್ಲಿ ಇದೇ ಕೆಲಸಕ್ಕೆ G92 ಇರುತ್ತದೆ. ನಿಮ್ಮ ಹುಡುಗ ಬೇರೆ ಶೆಡ್ಡಿಗೆ ಹೋದರೆ ಆ ಮೆಷಿನ್ ಪುಸ್ತಕ ನೋಡಬೇಕು, ಫೋನಿನ ಸಿಮ್ಯುಲೇಟರ್ ನಂಬಿ ಹೋಗಬಾರದು.

ಡಿಪ್ಲೊಮಾ_ದರ್ಶನ್

ಕಥೆ ಓಕೆ. ಆದರೆ ಈಗ ಯಾರು ಸ್ವಾಮಿ ಕೈಯಲ್ಲಿ ಜಿ-ಕೋಡ್ ಬರೆಯುತ್ತಾರೆ? ಎಲ್ಲ ಕ್ಯಾಮ್ ಸಾಫ್ಟ್‌ವೇರ್. ಡ್ರಾಯಿಂಗ್ ಹಾಕಿದರೆ ಪ್ರೋಗ್ರಾಂ ತಾನೇ ಬರುತ್ತದೆ. ಹುಡುಗ ರಾತ್ರಿ ನಿದ್ದೆಗೆಟ್ಟು ಗ್ರಾಫ್ ಹಾಳೆಯಲ್ಲಿ ಗೀಚುವ ಬದಲು ನೇರವಾಗಿ ಕ್ಯಾಮ್ ಕಲಿತಿದ್ದರೆ ಆರು ತಿಂಗಳಲ್ಲಿ ಪ್ರೋಗ್ರಾಮರ್ ಆಗುತ್ತಿದ್ದ. ಕಥೆ ಹತ್ತು ವರ್ಷ ಹಳೆಯದು ಅನ್ನಿಸಿತು.

ಟರ್ನರ್‌ನಂಜಪ್ಪ

ದರ್ಶನ್ ಅವರೇ, ವಿಎಂಸಿ ಅಂದರೆ ಮಿಲ್ಲಿಂಗ್ ಮೆಷಿನ್ ಬಗ್ಗೆ ಹೇಳಿದರೆ ಒಪ್ಪುತ್ತೇನೆ. ಡೈ, ಮೋಲ್ಡು, ಉಬ್ಬು ತಗ್ಗಿನ ಮೇಲ್ಮೈ ಎಲ್ಲ ಕ್ಯಾಮ್ ಇಲ್ಲದೆ ಆಗುವುದಿಲ್ಲ. ಆದರೆ ಸಣ್ಣ ಜಾಬ್ ಶಾಪಿನ ಲೇತಿಗೆ ಬರುವುದು ಬುಶ್ಶು, ಪಿನ್ನು, ಮೆಟ್ಟಿಲು ಶಾಫ್ಟು. G71ರಲ್ಲಿ ರಫಿಂಗು, G70ರಲ್ಲಿ ಫಿನಿಶಿಂಗು, ಮುಗಿಯಿತು. ಅದನ್ನು ಮೆಷಿನ್ ಮುಂದೆಯೇ ನಿಂತು ಟೈಪ್ ಮಾಡುತ್ತಾರೆ. ಕ್ಯಾಮಿನಿಂದ ಬಂದ ಪ್ರೋಗ್ರಾಂ ಆದರೂ ಮೆಷಿನ್ ಅರ್ಧದಲ್ಲಿ ನಿಂತಾಗ ಯಾವ ಸಾಲಿನಿಂದ ಮತ್ತೆ ಶುರು ಮಾಡಬೇಕು ಅಂತ ಓದಿ ತಿಳಿಯಬೇಕಲ್ಲ. ಓದಲು ಬಾರದವನು ಆಫೀಸಿಗೆ ಫೋನ್ ಮಾಡಿ ಕಾಯುತ್ತಾನೆ.

ಮತ್ತೆ, ಮೆಷಿನ್ ಮುಂದೆ ಒಂದು ದಿನವೂ ನಿಲ್ಲದ ಡೆಲಿವರಿ ಹುಡುಗನನ್ನು ಆರು ತಿಂಗಳ ಕ್ಯಾಮ್ ಸರ್ಟಿಫಿಕೇಟ್ ನೋಡಿ ಪ್ರೋಗ್ರಾಮರ್ ಅಂತ ಯಾರೂ ತೆಗೆದುಕೊಳ್ಳುವುದಿಲ್ಲ.

ಉಪ್ಪಳದ_ರೈಡರ್

ನಮಸ್ಕಾರ. ನಾನು ಕಾಸರಗೋಡು ಕಡೆಯವನು, ಡೆಲಿವರಿ ಕೆಲಸವೇ. ಕಥೆ ಓದಿ ನನ್ನದೇ ಅಂತ ಕಂಡಿತು ಮಾರಾಯ್ರೆ. ಒಂದು ಕೇಳಲಿಕ್ಕುಂಟು. ನಾನು ಬಿಕಾಂ, ವಯಸ್ಸು 31. ಟ್ಯಾಲಿ ಸ್ವಲ್ಪ ಗೊತ್ತುಂಟು. ಈ ಲೇತ್ ಕೋರ್ಸ್ ಎಲ್ಲಿ ಮಾಡುವುದು? ಆನ್‌ಲೈನ್‌ನಲ್ಲಿ ಆಗುತ್ತದಾ? ಉಪ್ಪಳ, ಮಂಜೇಶ್ವರದಲ್ಲಿ ಇಂಥ ಶೆಡ್ಡು ನಾನು ಕಂಡದ್ದಿಲ್ಲ. ಫೀಸ್ ಎಷ್ಟು ಅಂತ ಗಡಿಯೂರವರು ಹೇಳಿದರೆ ಉಪಕಾರ.

ಗಡಿಯೂರವ

ನಾನು ಕೋರ್ಸ್ ನಡೆಸುವವನಲ್ಲ ಸಾರ್, ಕಥೆ ಬರೆದವನು. 🙂 ನಂಜಪ್ಪನವರು ಹೇಳಿಯಾರು. ಎರಡನೇ ಭಾಗ ಇಲ್ಲಿದೆ.

ಭಾಗ ಎರಡು

ಡೆಲಿವರಿಯಲ್ಲಿ ಪೆಟ್ರೋಲ್ ಕಳೆದು ಕೈಗೆ 20,000 ಉಳಿಯುತ್ತಿತ್ತು. ಶೆಡ್ಡಿನ ಮಾಲೀಕ ಆಪರೇಟರ್ ಕೆಲಸಕ್ಕೆ 14,000 ಅಂದ. ಮುನಿರಾಜು ಮನೆಯಲ್ಲಿ ಹೇಳಿದಾಗ ಅವ್ವ ಸುಮ್ಮನೆ ಕೇಳಿಸಿಕೊಂಡಳು.

"ಆರು ಸಾವಿರ ಕಡಿಮೆಗೆ ಯಾಕೆ ಹೋಗ್ತೀಯ?"

"ಭಾನುವಾರ ಗಾಡಿ ಓಡಿಸ್ತೀನಿ. ರಾತ್ರಿ ಶಿಫ್ಟ್ ಇಲ್ಲದ ವಾರ ಸಂಜೆ ಮೂರು ಗಂಟೆ ಓಡಿಸ್ತೀನಿ."

"ಓದೋದು?"

ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಆದರೂ ಹೋದ.

ಮೊದಲ ತಿಂಗಳುಗಳಲ್ಲಿ ಬರೆಯಲು ಕಲಿತದ್ದು ಏನೂ ಉಪಯೋಗಕ್ಕೆ ಬರಲಿಲ್ಲ. ಪೀಸ್ ಹಾಕು, ಗುಂಡಿ ಒತ್ತು, ಪೀಸ್ ತೆಗಿ. ಸುರುಳಿ ಚಿಪ್ಸ್ ಕೊಕ್ಕೆಯಲ್ಲಿ ಎಳೆ. ಅಳತೆ ನೋಡಿ ಪುಸ್ತಕದಲ್ಲಿ ಬರಿ. ಟೂಲಿನ ಅಳತೆ ತಿದ್ದುವ ಆಫ್‌ಸೆಟ್ ಪುಟಕ್ಕೆ ಬೆರಳು ತಾಕಿಸಿದರೆ ಸೆಲ್ವಂ ಕಣ್ಣು ಕೆಂಪಾಗುತ್ತಿತ್ತು. "ನೋಡು, ಮುಟ್ಟಬೇಡ."

ಹಾಗಾಗಿ ನೋಡಿದ. ಟೂಲು ಸವೆದ ಹಾಗೆ ಶಾಫ್ಟು ದಪ್ಪ ಆಗುತ್ತ ಹೋಗುತ್ತದೆ. ಸೆಲ್ವಂ ಬಂದು ವೇರ್ ಪುಟದಲ್ಲಿ ಒಂದು ಸಂಖ್ಯೆ ಕೊಡುತ್ತಾನೆ, ಮುಂದಿನ ಪೀಸು ಸರಿ ಬರುತ್ತದೆ. ಮುನಿರಾಜು ಮನೆಗೆ ಬಂದು, ಅವತ್ತು ಬಂದ ಅಳತೆ ಒಂದು ಕಡೆ, ಸೆಲ್ವಂ ಕೊಟ್ಟ ಸಂಖ್ಯೆ ಇನ್ನೊಂದು ಕಡೆ ಬರೆದಿಟ್ಟ. ಈಗ ಅವನ ರಾತ್ರಿ ಓದು ಅದೇ ಆಯಿತು.

ಒಂದು ಶುಕ್ರವಾರ ರಾತ್ರಿ ಸೆಲ್ವಂ ಮಗುವಿಗೆ ಜ್ವರ ಅಂತ ಬರಲಿಲ್ಲ. ಇಎನ್8 ಶಾಫ್ಟು, 30 ಎಂಎಂ, h7 ಫಿಟ್. ಅಂದರೆ 30.000 ದಾಟಬಾರದು, 29.979ಕ್ಕಿಂತ ಇಳಿಯಬಾರದು. ಇನ್ಸರ್ಟಿನ ಮೂತಿ ತಿರುಗಿಸಿ ಹಾಕಿದ ಮೇಲೆ ಪೀಸು 30.05 ಬಂತು. ಮಾಲೀಕನಿಗೆ ಫೋನ್ ಮಾಡಿದ.

"ನೀನೇ ಹಾಕು. ಗೊತ್ತಲ್ಲ?"

29.99ಕ್ಕೆ ತರಬೇಕು. ಕಡಿಮೆ ಆಗಬೇಕಾದದ್ದು 0.06. ವೇರ್ ಪುಟದಲ್ಲಿ ಆಗಲೇ -0.12 ಇತ್ತು. ಮುನಿರಾಜು -0.06 ಟೈಪ್ ಮಾಡಿ ಒತ್ತಿದ. ಅದೇ ಪೀಸಿಗೆ ಫಿನಿಶಿಂಗ್ ಮಾತ್ರ ಮತ್ತೆ ಓಡಿಸಿದ. ಟೂಲು ಗಾಳಿಯಲ್ಲಿ ಹೋಯಿತು, ಒಂದು ಚಿಪ್ಪೂ ಬರಲಿಲ್ಲ. ಹೊಸ ಪೀಸು ಹಾಕಿ ಓಡಿಸಿದ. 30.11.

ಮೈ ಬೆವರಿತು. ಇಳಿಸಿದರೆ ಏರುತ್ತದೆ! ಇನ್ನೊಮ್ಮೆ ಅದನ್ನೇ ಒತ್ತಲು ಹೋದ ಬೆರಳನ್ನು ಹಿಂದೆ ತೆಗೆದ. ಡೆಲಿವರಿ ಬ್ಯಾಗಿನಲ್ಲಿದ್ದ ನೋಟ್‌ಬುಕ್ ತಂದು ಗೆರೆ ಎಳೆದ. ಏರಿದ್ದು ಎಷ್ಟು? ಸರಿಯಾಗಿ 0.06. ಪರದೆಯಲ್ಲಿ ನೋಡಿದ. -0.18 ಇರಬೇಕಾದ ಕಡೆ -0.06 ಇತ್ತು. `INPUT` ಒತ್ತಿದರೆ ಹಳೆಯದು ಅಳಿಸಿ ಹೊಸದು ಕೂರುತ್ತದೆ. ಹಳೆಯದಕ್ಕೆ ಸೇರಬೇಕಾದರೆ `+INPUT`. ಸೆಲ್ವಂ ಬೆರಳು ಯಾವಾಗಲೂ ಪಕ್ಕದ ಕೀಲಿಗೆ ಹೋಗುತ್ತಿದ್ದದ್ದು ಕಣ್ಣಿಗೆ ಬಂತು.

-0.12 ಹಾಕಿ `+INPUT` ಒತ್ತಿದ. ಪುಟದಲ್ಲಿ -0.18 ಆಯಿತು. ಎರಡೂ ಪೀಸು ದಪ್ಪ ಇದ್ದವು, ತೆಳು ಆಗಿರಲಿಲ್ಲ. ಮತ್ತೆ ಫಿನಿಶ್ ಓಡಿಸಿದ. ಮೈಕ್ರೋಮೀಟರ್ 29.99 ತೋರಿಸಿತು. ಅವತ್ತು ಒಂದು ಪೀಸೂ ರಿಜೆಕ್ಟ್ ಆಗಲಿಲ್ಲ.

ಸೋಮವಾರ ಸೆಲ್ವಂ ಬಂದು ಪುಸ್ತಕ ನೋಡಿದ. ಶುಕ್ರವಾರದ ಸಾಲಿನಲ್ಲಿ 30.05, ಅದರ ಕೆಳಗೆ 30.11, ಅದರ ಕೆಳಗೆ 29.99. ಮುನಿರಾಜು ನಡುವಿನದನ್ನು ಹೊಡೆದು ಹಾಕಿರಲಿಲ್ಲ. ಸೆಲ್ವಂ ಏನೂ ಕೇಳಲಿಲ್ಲ. ಮಧ್ಯಾಹ್ನ ಕರೆದು, "ಸಾಫ್ಟ್ ಜಾ ಬೋರ್ ಮಾಡೋದು ತೋರಿಸ್ತೀನಿ, ಬಾ" ಎಂದ.

ಅದಾದ ಮೇಲೆ ಒಂದೂವರೆ ವರ್ಷ ಹಿಡಿಯಿತು. ಜಾಬ್ ಬದಲಾದಾಗ ಜಾ ಕೂರಿಸುವುದು, ಟೂಲು ಒಂದೊಂದೂ ತಾಗಿಸಿ ಆಫ್‌ಸೆಟ್ ತೆಗೆಯುವುದು, ಮೊದಲ ಪೀಸನ್ನು ಸಿಂಗಲ್ ಬ್ಲಾಕಿನಲ್ಲಿ ಒಂದೊಂದೇ ಸಾಲು ಓಡಿಸುವುದು. ಸೆಲ್ವಂ ಬೇರೆ ಕಂಪನಿಗೆ ಹೋದಾಗ ಮಾಲೀಕ ಮುನಿರಾಜುವನ್ನು ಕರೆದು ಸೆಟ್ಟರ್ ಸಂಬಳ 26,000 ಅಂದ. ಮುನಿರಾಜು 28,000 ಕೇಳಿದ. 27,000ಕ್ಕೆ ಮುಗಿಯಿತು.

ಗಾಡಿ ಮಾರಲಿಲ್ಲ. ಆ್ಯಪ್ ಕೂಡ ಫೋನಿನಲ್ಲಿ ಹಾಗೇ ಇತ್ತು.

---

ಮೈಕ್ರಾನ್‌ಮಂಜುಳಾ

ನಾನು ಕ್ವಾಲಿಟಿಯಲ್ಲಿದ್ದೇನೆ, ಇದೇ ಊರಿನಲ್ಲಿ. 30.11 ಅನ್ನು ಹೊಡೆದು ಹಾಕದೆ ಬಿಟ್ಟಿದ್ದು ಓದಿ ಖುಷಿಯಾಯಿತು. ನನ್ನ ಟೇಬಲಿಗೆ ಬರುವ ಪುಸ್ತಕಗಳಲ್ಲಿ ಎಲ್ಲ ಪೀಸೂ 29.99 ಇರುತ್ತದೆ. ನೂರು ಪೀಸೂ ಒಂದೇ ಅಳತೆ! ಅಳೆಯದೆ ಬರೆದದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ಕೊರತೆ ಹೇಳುತ್ತೇನೆ. ನಿಮ್ಮ ಹುಡುಗ ಪೀಸು ತೆಗೆದ ತಕ್ಷಣ ಅಳೆಯುತ್ತಾನಾ, ಆರಿಸಿ ಅಳೆಯುತ್ತಾನಾ? h7ನಲ್ಲಿ ಇರುವುದು 21 ಮೈಕ್ರಾನ್ ಜಾಗ. 30 ಎಂಎಂ ಉಕ್ಕು 20 ಡಿಗ್ರಿ ಬಿಸಿ ಇದ್ದರೆ ಸುಮಾರು 7 ಮೈಕ್ರಾನ್ ಉಬ್ಬಿರುತ್ತದೆ. ಮೆಷಿನ್ ಹತ್ತಿರ 29.984 ಬಂತು, ಓಕೆ ಅಂತ ಟ್ರೇಗೆ ಹಾಕುತ್ತಾರೆ. ನನ್ನ ರೂಮಿಗೆ ಬಂದು ತಣ್ಣಗಾದ ಮೇಲೆ ಅದು 29.977. ರಿಜೆಕ್ಟ್. ಆಪರೇಟರ್ ನನ್ನ ಮೈಕ್ರೋಮೀಟರ್ ಸರಿ ಇಲ್ಲ ಅಂತ ಜಗಳಕ್ಕೆ ಬರುತ್ತಾನೆ. ಕೂಲೆಂಟ್ ಚೆನ್ನಾಗಿ ಬೀಳುತ್ತಿದ್ದರೆ ಇಷ್ಟು ಬಿಸಿ ಆಗುವುದಿಲ್ಲ. ನಳಿಗೆ ಪಕ್ಕಕ್ಕೆ ತಿರುಗಿದ್ದರೆ ಆಗುತ್ತದೆ. ಕೈಯಲ್ಲಿ ಮುಟ್ಟಿದರೇ ತಿಳಿಯುತ್ತದೆ.

ಇನ್ನೊಂದು, ಇಷ್ಟು ಬಿಗಿ ಅಳತೆಗೆ 0.01ರ ಮೈಕ್ರೋಮೀಟರ್ ಸಾಲದು, ಮೂರನೇ ಅಂಕಿ ಕಾಣುವಂಥದ್ದು ಬೇಕು. ವರ್ನಿಯರ್ ಅಂತೂ ಕೇಳಲೇಬೇಡಿ. ಡಿಜಿಟಲ್ ವರ್ನಿಯರ್ 0.01 ತೋರಿಸುತ್ತದೆ ಅಂತ ಅದರಲ್ಲೇ h7 ಅಳೆಯುವ ಮಹಾನುಭಾವರಿದ್ದಾರೆ.

ಡಿಪ್ಲೊಮಾ_ದರ್ಶನ್

ಎರಡನೇ ಭಾಗದಲ್ಲಿ ಲೆಕ್ಕ ತಪ್ಪಿದೆ. ವ್ಯಾಸದಲ್ಲಿ 0.06 ಇಳಿಯಬೇಕಾದರೆ ಟೂಲು ಒಳಗೆ ಹೋಗಬೇಕಾದದ್ದು 0.03 ಮಾತ್ರ. ಒಂದು ಕಡೆಯಿಂದ ಕತ್ತರಿಸಿದರೂ ತಿರುಗುವಾಗ ಎರಡೂ ಕಡೆ ಇಳಿಯುತ್ತದೆ ಅಲ್ವಾ? ಹಾಗಾಗಿ ವೇರ್‌ನಲ್ಲಿ -0.03 ಹಾಕಬೇಕು. 0.06 ಹಾಕಿದರೆ ಪೀಸು 29.93, ಸ್ಕ್ರ್ಯಾಪ್.

ಟರ್ನರ್‌ನಂಜಪ್ಪ

ಟೂಲು 0.03 ಹೋಗುತ್ತದೆ, ಅದು ಸರಿ. ಆದರೆ ಅರ್ಧ ಮಾಡುವ ಕೆಲಸ ಕಂಟ್ರೋಲರ್ ಮಾಡಿಕೊಳ್ಳುತ್ತದೆ. ನಾವು X ಅನ್ನು ವ್ಯಾಸದಲ್ಲಿ ಬರೆಯುತ್ತೇವಲ್ಲ, ವೇರ್ ಕೂಡ ಸಾಮಾನ್ಯವಾಗಿ ವ್ಯಾಸದಲ್ಲೇ. ನೀವು ಅರ್ಧ ಮಾಡಿ ಹಾಕಿದರೆ ಪೀಸು ಸ್ಕ್ರ್ಯಾಪ್ ಆಗುವುದಿಲ್ಲ, ಅರ್ಧ ಮಾತ್ರ ಇಳಿದು 30.02ರಲ್ಲಿ ನಿಲ್ಲುತ್ತದೆ.

ಆದರೆ ದರ್ಶನ್ ಹೇಳುವಂಥ ಮೆಷಿನ್ ಇಲ್ಲವೇ ಇಲ್ಲ ಅಂತಲ್ಲ. ಪ್ಯಾರಾಮೀಟರ್‌ನಲ್ಲಿ ರೇಡಿಯಸ್ ಲೆಕ್ಕಕ್ಕೆ ಇಟ್ಟಿರಬಹುದು. ಗೊತ್ತಿಲ್ಲದ ಮೆಷಿನ್ ಮುಂದೆ ನಿಂತಾಗ ದಪ್ಪ ಇರುವ ಕಡೆಯಿಂದ ಸ್ವಲ್ಪವೇ ಹಾಕಿ ನೋಡಬೇಕು. 0.02 ಹಾಕಿ, ಓಡಿಸಿ, ಅಳೆಯಿರಿ. 0.02 ಇಳಿದರೆ ವ್ಯಾಸ, 0.04 ಇಳಿದರೆ ರೇಡಿಯಸ್. ಶಾಫ್ಟು ದಪ್ಪ ಇದ್ದರೆ ಮತ್ತೆ ಇಳಿಸಬಹುದು, ತೆಳು ಆದರೆ ಮುಗಿಯಿತು. ಬೋರಿಂಗಿನಲ್ಲಿ ಇದು ಉಲ್ಟಾ.

ಆಫ್‌ಸೆಟ್‌ನಲ್ಲಿ ಜನ ಹಾಳಾಗುವುದು ಇನ್ನೊಂದು ಕಡೆ. 0.06 ಅಂತ ಟೈಪ್ ಮಾಡುವಾಗ ಒಂದು ಸೊನ್ನೆ ಬಿಟ್ಟು 0.6 ಹಾಕುತ್ತಾರೆ. ಚುಕ್ಕೆಯನ್ನೇ ಮರೆತರೆ ಮೆಷಿನ್ನಿನ ಸೆಟ್ಟಿಂಗ್ ಮೇಲೆ ಏನು ಬೇಕಾದರೂ ಆಗಬಹುದು. ಒತ್ತಿದ ಮೇಲೆ ಪರದೆಯನ್ನು ಇನ್ನೊಮ್ಮೆ ಓದಬೇಕು. ನಿಮ್ಮ ಮುನಿರಾಜು ಓದಲಿಲ್ಲ, ಪೀಸು ಏರಿದ ಮೇಲೆ ಓದಿದ.

ಡಿಪ್ಲೊಮಾ_ದರ್ಶನ್

ಹಾಗಾದರೆ ನಮ್ಮ ಕಾಲೇಜಿನ ಮೆಷಿನ್ ರೇಡಿಯಸ್‌ನಲ್ಲಿತ್ತೇನೋ. ನಮಗೆ ಅರ್ಧ ಹಾಕಿ ಅಂತಲೇ ಹೇಳಿಕೊಟ್ಟಿದ್ದು. ಕ್ಯಾಮ್ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಿಲ್ಲ.

ಓದುಗಿ_ಕುಪ್ಪಂ

ನನಗೆ ಮೆಷಿನ್ ಗೊತ್ತಿಲ್ಲ, ಕಥೆ ಬಗ್ಗೆ ಮಾತಾಡುತ್ತೇನೆ. ಮೊದಲ ಭಾಗ ಚೆನ್ನಾಗಿದೆ. ಎರಡನೆಯದರಲ್ಲಿ ಅವ್ವ ಎರಡು ಮಾತಾಡಿ ಮಾಯವಾದಳು. ಆರು ಸಾವಿರ ಕಡಿಮೆ ಆದ ಆ ತಿಂಗಳುಗಳಲ್ಲಿ ಮನೆ ಹೇಗೆ ನಡೆಯಿತು? ತಂಗಿಯ ಫೀಸು? ಗಾಡಿಯ ಕಂತು? ಅದನ್ನು "ಒಂದೂವರೆ ವರ್ಷ ಹಿಡಿಯಿತು" ಅಂತ ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿರಿ. ಕಷ್ಟ ಇರುವುದು ಅಲ್ಲೇ ಅಲ್ವಾ? 0.06ಕ್ಕೆ ಕೊಟ್ಟ ಜಾಗದಲ್ಲಿ ಅರ್ಧ ಆ 6,000ಕ್ಕೆ ಕೊಡಬಹುದಿತ್ತು.

ಗಡಿಯೂರವ

ಕುಪ್ಪಂನವರೇ, ಬೇಕೆಂದೇ ಬಿಟ್ಟೆ. ಬಡತನದ ಮನೆಯ ಕಥೆ ಕನ್ನಡದಲ್ಲಿ ಬೇಕಾದಷ್ಟಿದೆ. `+INPUT` ಒತ್ತುವ ಬೆರಳಿನ ಕಥೆ ಇಲ್ಲ. ಆದರೆ ತಂಗಿಯ ಫೀಸಿನ ಬಗ್ಗೆ ಒಂದು ಪುಟ ಬರೆದು ತೆಗೆದಿದ್ದೆ, ಮತ್ತೆ ನೋಡುತ್ತೇನೆ.

ಬೈಕ್‌ಬಾಬು

ನಾನು ಅತ್ತಿಬೆಲೆಯಲ್ಲಿ ಡೆಲಿವರಿ ಮಾಡುತ್ತೇನೆ. ಒಂದು ಮಾತು ಹೇಳಲಾ? ಕಥೆಯಲ್ಲಿ ಸಂಬಳ 27,000 ಆಯ್ತು ಅಂತ ಎಲ್ಲರಿಗೂ ಖುಷಿ. ಲೆಕ್ಕ ಹಾಕಿ ನೋಡಿ. ಆಪರೇಟರ್ ಆಗಿದ್ದಷ್ಟು ದಿನ ತಿಂಗಳಿಗೆ 6,000 ಹೋಯಿತು. ಸೆಟ್ಟರ್ ಆದ ಮೇಲೆ ಡೆಲಿವರಿಗಿಂತ ಜಾಸ್ತಿ ಬರುವುದು 7,000. ಎರಡು ವರ್ಷ ಕಳೆದುಕೊಂಡದ್ದು ವಾಪಸ್ ಬರಲು ಹತ್ತಿರ ಹತ್ತಿರ ಇನ್ನೂ ಎರಡು ವರ್ಷ ಬೇಕು. ಅಷ್ಟರಲ್ಲಿ ಶೆಡ್ಡು ಮುಚ್ಚಿದರೆ? ಸಣ್ಣ ಶೆಡ್ಡಿಗೆ ಆರ್ಡರ್ ಕೊಡುವ ದೊಡ್ಡ ಕಂಪನಿ ಒಂದು ತಿಂಗಳು ನಿಲ್ಲಿಸಿದರೆ ಮುಗಿಯಿತು. ನನ್ನ ಬಾವ ಹಾಗೇ ಮನೆಗೆ ಬಂದ.

ಟರ್ನರ್‌ನಂಜಪ್ಪ

ಬಾಬು ಹೇಳಿದ್ದರಲ್ಲಿ ಸುಳ್ಳಿಲ್ಲ. ನಿಮ್ಮ ಬಾವ ಆಪರೇಟರಾ, ಸೆಟ್ಟರಾ? ಶೆಡ್ಡು ಮುಚ್ಚಿದಾಗ ಅದರ ಮೇಲೆ ಹೋಗುತ್ತದೆ. ಗುಂಡಿ ಒತ್ತುವವನಿಗೆ ಪಕ್ಕದ ಶೆಡ್ಡಿನಲ್ಲಿ ಮತ್ತೆ ಹೊಸಬನ ಸಂಬಳ. ಸೆಟ್ಟರಿಗೆ ಹಾಗಲ್ಲ, ಒಂದು ಜಾಬ್ ಕೊಟ್ಟು ಹಾಕಿ ತೋರಿಸು ಅನ್ನುತ್ತಾರೆ. ಹಾಕಿದರೆ ಹಿಂದಿನ ಸಂಬಳದ ಮೇಲೆ ಮಾತು ಶುರು. ಎಷ್ಟೋ ಜನ ಹತ್ತು ವರ್ಷ ಆಪರೇಟರ್ ಆಗಿಯೇ ಇದ್ದಾರೆ. ಬುದ್ಧಿ ಇಲ್ಲ ಅಂತಲ್ಲ. ಆಫ್‌ಸೆಟ್ ಪುಟ ಮುಟ್ಟಲು ಯಾರೂ ಬಿಡಲಿಲ್ಲ, ಅವರೂ ಕೇಳಲಿಲ್ಲ.

ಉಪ್ಪಳದವರೇ, ನಿಮ್ಮ ಪ್ರಶ್ನೆ ಬಾಕಿ ಇತ್ತು. ಐಟಿಐಯಲ್ಲಿ ಟರ್ನರ್ ಟ್ರೇಡ್ ಎರಡು ವರ್ಷ, ಹಗಲು ಹೊತ್ತು. ಮನೆ ನಡೆಸುವವರಿಗೆ ಕಷ್ಟ. ಬರೀ ಆನ್‌ಲೈನ್‌ನಲ್ಲಿ ಪ್ರೋಗ್ರಾಂ ಓದಲು ಬರುತ್ತದೆ, ಕೈ ಬರುವುದಿಲ್ಲ. ನಿಮಗೆ ಹತ್ತಿರ ಅಂದರೆ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶ. ದುಡ್ಡು ಕಟ್ಟುವ ಮೊದಲು ಅಲ್ಲಿ ನಾಲ್ಕು ಶೆಡ್ಡಿಗೆ ಹೋಗಿ, ಆಪರೇಟರಿಗೆ ಎಷ್ಟು, ಸೆಟ್ಟರಿಗೆ ಎಷ್ಟು, ಹೊಸಬರನ್ನು ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಯಾವುದಾದರೂ ಇನ್‌ಸ್ಟಿಟ್ಯೂಟಿಗೆ ಸೇರುವುದಾದರೆ ಒಂದೇ ಪ್ರಶ್ನೆ: ನಾನೊಬ್ಬನೇ ಮೆಷಿನ್ ಮುಂದೆ ಎಷ್ಟು ಗಂಟೆ ನಿಲ್ಲುತ್ತೇನೆ? ಇಪ್ಪತ್ತು ಜನಕ್ಕೆ ಒಂದು ಮೆಷಿನ್ ಇದ್ದರೆ ನೀವು ನೋಡುವುದು ಮುಂದಿನವನ ಬೆನ್ನು.

ಮತ್ತೆ, ಟ್ಯಾಲಿ ಗೊತ್ತು ಅಂದಿರಿ. ಅದನ್ನು ಬಿಟ್ಟು ಲೇತಿಗೆ ಯಾಕೆ ಬರಬೇಕು ಅಂತ ನೀವೇ ಯೋಚಿಸಿ.

ಉಪ್ಪಳದ_ರೈಡರ್

ಟ್ಯಾಲಿ ಕೆಲಸಕ್ಕೆ ಕೇಳಿದೆ ಸಾರ್, ಅನುಭವ ಇಲ್ಲ ಅಂತ ನನ್ನ ಡೆಲಿವರಿಯ ಅರ್ಧವೂ ಕೊಡುವುದಿಲ್ಲ ಅಂದರು. ಜಿಎಸ್‌ಟಿ ರಿಟರ್ನ್ ಹಾಕಲಿಕ್ಕೆ ಗೊತ್ತುಂಟಾ ಅಂತ ಕೇಳಿದರು, ಗೊತ್ತಿಲ್ಲ. ಈಗ ನೋಡಿದರೆ ಅಲ್ಲಿಯೂ ನಿಮ್ಮ ಆಪರೇಟರ್, ಸೆಟ್ಟರ್ ಉಂಟು ಅಂತ ಆಯಿತು. ಬೈಕಂಪಾಡಿಗೆ ಬರುವ ವಾರ ಒಂದು ದಿನ ರಜೆ ಹಾಕಿ ಹೋಗಿ ಕೇಳುತ್ತೇನೆ. ರಾತ್ರಿ ಶಿಫ್ಟ್ ಮಾತ್ರ ಕೊಡಿ ಅಂದರೆ ಒಪ್ಪುತ್ತಾರಾ? ಹಗಲು ಗಾಡಿ ಬಿಡಲಿಕ್ಕೆ ಆಗುವುದಿಲ್ಲ.

ಮೈಕ್ರಾನ್‌ಮಂಜುಳಾ

ರಾತ್ರಿ ಶಿಫ್ಟಿಗೆ ಜನ ಸಿಗುವುದೇ ಕಷ್ಟ, ಒಪ್ಪಬಹುದು. ಆದರೆ ಹಗಲೆಲ್ಲ ಗಾಡಿ ಓಡಿಸಿ ರಾತ್ರಿ ಲೇತ್ ಮುಂದೆ ನಿಲ್ಲಬೇಡಿ. ನಿದ್ದೆಗಣ್ಣಿನಲ್ಲಿ ಸುರುಳಿ ಚಿಪ್ಸನ್ನು ಕೈಯಲ್ಲಿ ಎಳೆಯಲು ಹೋದವರ ಬೆರಳು ನೋಡಿದ್ದೇನೆ. ಹೊಸಬರಿಗೆ ಹೇಳಿಕೊಡುವ ಸೆಟ್ಟರ್ ಕೂಡ ಹೆಚ್ಚಾಗಿ ಹಗಲಲ್ಲೇ ಇರುತ್ತಾನೆ. ಹಗಲು ಶಿಫ್ಟ್ ಸೇರಿ, ಸಂಜೆ ಏಳರಿಂದ ಹತ್ತು ಗಾಡಿ ಓಡಿಸಿ. ಅಷ್ಟು ಹೊತ್ತಿಗೇ ತಾನೇ ಆರ್ಡರ್ ಜಾಸ್ತಿ ಬರುವುದು?

ಬೈಕ್‌ಬಾಬು

ಅಕ್ಕ, ಆ ಮೂರು ಗಂಟೆ ಸ್ಲಾಟಿಗೆ ಎಲ್ಲರೂ ಮುಗಿಬೀಳುತ್ತಾರೆ. ನಮ್ಮ ಕಡೆ ದಿನಪೂರ್ತಿ ಓಡಿಸುವವರಿಗೇ ಮೊದಲು ಸಿಗುತ್ತದೆ. ಉಪ್ಪಳದಲ್ಲಿ ಹೇಗೋ ಅವರೇ ಹೇಳಬೇಕು.

ಉಪ್ಪಳದ_ರೈಡರ್

ಇಲ್ಲಿ ರೈಡರ್‌ಗಳು ಕಡಿಮೆ, ಸ್ಲಾಟ್ ಸಿಗುತ್ತದೆ. ಆರ್ಡರ್ ಸಿಗುವುದು ರಂಜಾನ್ ತಿಂಗಳಲ್ಲಿ ಒಂದು ರೀತಿ, ಮಳೆಗಾಲದಲ್ಲಿ ಇನ್ನೊಂದು ರೀತಿ. ಹೋಗಿ ಬಂದು ಇಲ್ಲಿಯೇ ಬರೆಯುತ್ತೇನೆ.